ಕರೆಂಟ್ ಹೋಗಿ ಮೀನು ಹಾಳಾದ್ರೆ ವಿಮೆ ಹಣ ಬರುತ್ತಾ?

ಇವತ್ತಿನ ಮಾತು ಮಲ್ಪೆ ಕಡೆಯ ನನ್ನ ಗೆಳೆಯನೊಬ್ಬನ ಕೋಲ್ಡ್ ರೂಮ್ ಬಗ್ಗೆ. ಬಂಗುಡೆ, ಅಂಜಲ್, ಸಿಗಡಿ ತಗೊಂಡು ಮೈನಸ್ 18 ಡಿಗ್ರಿಯಲ್ಲಿಟ್ಟು ಹೋಟೆಲ್‌ಗಳಿಗೆ ಕೊಡೋದು ಅವನ ವ್ಯಾಪಾರ. ಎರಡು ಸಲ ಅವನ ಮೀನು ಹಾಳಾಯ್ತು. ಒಂದ್ಸಲ ವಿಮೆಯಿಂದ ಒಂದು ರೂಪಾಯಿಯೂ ಬರಲಿಲ್ಲ, ಇನ್ನೊಂದ್ಸಲ ಬಂತು. ಪಾಲಿಸಿ ಮಾತ್ರ ಎರಡೂ ಸಲ ಅದೇ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸ್ತೀನಿ. ಅಂಗಡಿಗೆ ಮಾಡಿಸೋ ಮಾಮೂಲಿ ಬೆಂಕಿ ವಿಮೆಯಲ್ಲಿ, ಉಷ್ಣಾಂಶ ಬದಲಾಗಿ ಕೋಲ್ಡ್ ಸ್ಟೋರೇಜ್‌ನ ಸರಕು ಕೆಟ್ಟರೆ ಅದು ಸೇರೋದಿಲ್ಲ. ಅದಕ್ಕೆ ‘ಡಿಟೀರಿಯೊರೇಷನ್ ಆಫ್ ಸ್ಟಾಕ್’ ಅನ್ನೋ ಬೇರೆ ಪಾಲಿಸಿ ಬೇಕು. ಅದನ್ನೂ ಒಂಟಿಯಾಗಿ ಕೊಡಲ್ಲ. ಕಂಪ್ರೆಸರ್, ಮೋಟಾರ್‌ಗಳ ಮೇಲೆ ‘ಮಷಿನರಿ ಬ್ರೇಕ್‌ಡೌನ್’ ವಿಮೆ ಚಾಲ್ತಿಯಲ್ಲಿರಬೇಕು. ಗೆಳೆಯ ಎರಡನ್ನೂ ಮಾಡಿಸಿದ್ದ.

ಮೊದಲ ಸಲ ಆಗಿದ್ದು ಇಷ್ಟು. ಲೈನ್ ದುರಸ್ತಿಗೆ ಅಂತ ವಿದ್ಯುತ್ ಕಂಪನಿಯವರು ಮೊದಲೇ ತಿಳಿಸಿ ಕರೆಂಟ್ ತೆಗೆದರು. ಅದೇ ದಿನ ಇವನ ಜನರೇಟರ್ ಕೈಕೊಟ್ಟಿತು. ಮೀನು ಹೋಯ್ತು, ಕ್ಲೇಮ್ ತಿರಸ್ಕಾರವಾಯ್ತು. ಕಾರಣ, ಕರೆಂಟ್ ಕೊಡುವವರೇ ಬೇಕಂತ ತೆಗೆದರೆ, ಅಂದ್ರೆ ಲೋಡ್ ಶೆಡ್ಡಿಂಗ್ ಅಥವಾ ನಿಗದಿತ ನಿಲುಗಡೆ ಆದರೆ, ಅದನ್ನು ಪಾಲಿಸಿ ಆಕಸ್ಮಿಕ ಅಂತ ಒಪ್ಪೋದಿಲ್ಲ. ಗಾಳಿಮಳೆಗೆ ಮರ ಬಿದ್ದು ಲೈನ್ ತುಂಡಾಗಿದ್ರೆ ಮಾತು ಬೇರೆ ಇರ್ತಿತ್ತು. ಅದಕ್ಕೂ ಪಾಲಿಸಿಯಲ್ಲಿ ಸಾರ್ವಜನಿಕ ವಿದ್ಯುತ್ ವೈಫಲ್ಯದ ರಕ್ಷಣೆ ಸೇರಿರಬೇಕು. ನಮ್ಮದೇ ಕಟ್ಟಡದ ಒಳಗೆ ಫ್ಯೂಸ್ ಹೋಗಿ ಕರೆಂಟ್ ನಿಂತರೆ ಅದು ‘ಸಾರ್ವಜನಿಕ ವಿದ್ಯುತ್’ ವೈಫಲ್ಯ ಅಲ್ಲ. ಹಾಗಾಗಿ ಕರೆಂಟ್ ಹೋದ ತಕ್ಷಣ 1912ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ತಗೊಳ್ಳಿ. ಯಾಕೆ ಹೋಯ್ತು ಅನ್ನೋದಕ್ಕೆ ಆಮೇಲೆ ಅದೇ ದಾಖಲೆ.

ಎರಡನೇ ಸಲ ನಡುರಾತ್ರಿ ಕಂಪ್ರೆಸರ್ ಮೋಟಾರಿನ ವೈಂಡಿಂಗ್ ಸುಟ್ಟುಹೋಯ್ತು. ಬೆಳಿಗ್ಗೆ ನೋಡಿದರೆ ಥರ್ಮಾಮೀಟರ್ ಮೈನಸ್ 6 ತೋರಿಸ್ತಿತ್ತು. ಇವನು ಬಾಗಿಲು ತೆಗೆಯದೆ ಮೊದಲು ವಿಮಾ ಕಂಪನಿಗೆ ಫೋನ್ ಮಾಡಿದ. ಇಲ್ಲಿ ‘ನೋ ಕ್ಲೇಮ್ ಪೀರಿಯಡ್’ ಅನ್ನೋ ಮಾತು ಬರುತ್ತೆ. ಮೆಷಿನ್ ನಿಂತ ಮೇಲೂ ಬಾಗಿಲು ಮುಚ್ಚಿದ್ದರೆ ಸರಕು ಇಷ್ಟು ಗಂಟೆ ಕೆಡೋದಿಲ್ಲ ಅಂತ ಪಾಲಿಸಿಯಲ್ಲೇ ಬರೆದಿರುತ್ತೆ. ಅಷ್ಟು ಹೊತ್ತಿನೊಳಗೆ ಕೆಟ್ಟಿದ್ದಕ್ಕೆ ಹಣ ಇಲ್ಲ. ಆಗಾಗ ಬಾಗಿಲು ತೆಗೆದು ಇಣುಕಿದರೆ ನಷ್ಟ ನಿಮ್ಮ ತಲೆಗೇ ಬರಬಹುದು.

ಬದಲಿ ಮೋಟಾರ್ ಸಿಗೋದು ಮರುದಿನ ಸಂಜೆ ಆಯ್ತು. ಸರ್ವೇಯರ್ ಬಂದಾಗ ಮೊದಲು ಕೇಳಿದ್ದು ಲಾಗ್ ಬುಕ್. ದಿನಾ ಬರೆದ ಉಷ್ಣಾಂಶ, ಸರ್ವಿಸ್ ಮಾಡಿಸಿದ ಬಿಲ್, ಮೀನು ಖರೀದಿಸಿದ ಬಿಲ್ ಎಲ್ಲವೂ ಇತ್ತು. ರ‍್ಯಾಕ್ ಮೇಲೆ ಒಂದು ಲೋಟ ಕೂಡ ಇತ್ತು. ನೀರು ಹೆಪ್ಪುಗಟ್ಟಿಸಿ ಅದರ ಮೇಲೆ ನಾಣ್ಯ ಇಟ್ಟಿದ್ದ. ನಾಣ್ಯ ಕೆಳಗಿಳಿದಿದ್ರೆ ಒಮ್ಮೆ ಕರಗಿದೆ ಅಂತ ಅರ್ಥ. ಇದು ಕ್ಲೇಮ್‌ಗೆ ಸಾಕ್ಷಿ ಅಲ್ಲ, ಆದರೆ ಕರಗಿ ಮತ್ತೆ ಗಟ್ಟಿಯಾದ ಮೀನನ್ನ ಗೊತ್ತಿಲ್ಲದೆ ಮಾರೋ ಅಪಾಯ ತಪ್ಪಿಸುತ್ತೆ. ಹಾಳಾದ ಮೀನನ್ನ ಸರ್ವೇಯರ್ ನೋಡೋ ತನಕ ಎಸೆಯಬಾರದು. ವಾಸನೆ ತಡೆಯೋದು ಕಷ್ಟ, ನಿಜ. ಬೇರೆ ಕಡೆ ಒಟ್ಟುಮಾಡಿ ಫೋಟೊ ತೆಗೆದಿಡಿ.

ಈಗ ಲೆಕ್ಕ. 4 ಲಕ್ಷ 20 ಸಾವಿರದ ಮೀನು ಹಾಳಾಗಿತ್ತು. ಅದನ್ನ ಫಿಶ್ ಮೀಲ್‌ನವರಿಗೆ ಕೊಟ್ಟಾಗ 20 ಸಾವಿರ ಬಂತು. ಉಳಿದ ನಷ್ಟ 4 ಲಕ್ಷ. ಆದರೆ ಅವನು ವಿಮೆ ಮಾಡಿಸಿದ್ದು 6 ಲಕ್ಷಕ್ಕೆ. ಅವತ್ತು ಒಳಗಿದ್ದ ಸರಕು 8 ಲಕ್ಷದ್ದು. ಅದು ಮೇ ತಿಂಗಳ ಕೊನೆ. ಜೂನ್, ಜುಲೈನಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರೋದ್ರಿಂದ ಎಲ್ಲರೂ ಮೀನು ತುಂಬಿಸಿಡೋ ಹೊತ್ತು. 8ರಲ್ಲಿ 6 ಅಂದ್ರೆ ಮುಕ್ಕಾಲು ಭಾಗಕ್ಕೆ ಮಾತ್ರ ವಿಮೆ ಇದ್ದಹಾಗಾಯ್ತು. ಹಾಗಾಗಿ ನಷ್ಟದಲ್ಲೂ ಮುಕ್ಕಾಲು, 3 ಲಕ್ಷ. ಅದರಲ್ಲಿ ಪಾಲಿಸಿ ಪ್ರಕಾರ ಅವನೇ ಭರಿಸಬೇಕಾದ ಶೇ. 10 ಎಕ್ಸೆಸ್ ಕಳೆದು ಕೈಗೆ ಬಂದಿದ್ದು 2 ಲಕ್ಷ 70 ಸಾವಿರ. ಮೋಟಾರ್ ದುರಸ್ತಿಯ ಹಣ ಮಷಿನರಿ ಪಾಲಿಸಿಯಿಂದ ಬೇರೆ ಬಂತು.

ವಿಮಾ ಮೊತ್ತ ಹಾಕುವಾಗ ವರ್ಷದ ಸರಾಸರಿ ಸರಕನ್ನ ನೋಡಿದ್ದೇ ಅವನ ತಪ್ಪು. ಸರಕು ಅತಿ ಹೆಚ್ಚು ತುಂಬಿರೋ ದಿನದ ಬೆಲೆ ಹಾಕಬೇಕಿತ್ತು. ಈ ಸಲ ರಿನ್ಯೂವಲ್‌ನಲ್ಲಿ 9 ಲಕ್ಷಕ್ಕೆ ಮಾಡಿಸಿದ್ದಾನೆ. ಜನರೇಟರನ್ನ ಪ್ರತಿ ಸೋಮವಾರ ಸ್ಟಾರ್ಟ್ ಮಾಡಿ ನೋಡ್ತಾನೆ, ಯಾಕಂದ್ರೆ ನಿಗದಿತ ನಿಲುಗಡೆಗೆ ಇವತ್ತಿಗೂ ಯಾವ ಪಾಲಿಸಿಯೂ ಅವನ ಕೈ ಹಿಡಿದಿಲ್ಲ.