ಒಂದೇ ಲೆಕ್ಕ, ಎರಡು ಕನ್ನಡಕ: ಬಿ.ಎಡ್ ಅಸೈನ್‌ಮೆಂಟ್‌ನಲ್ಲಿ ಸ್ಕಿನ್ನರ್ ಮತ್ತು ವೈಗೋಟ್‌ಸ್ಕಿ ಹೋಲಿಕೆ ಬರೆಯುವುದು ಹೇಗೆ?

'ಯಾವುದಾದರೂ ಎರಡು ಕಲಿಕಾ ಸಿದ್ಧಾಂತಗಳನ್ನು ತರಗತಿಯ ಉದಾಹರಣೆಗಳೊಂದಿಗೆ ಹೋಲಿಸಿ.' ಬಿ.ಎಡ್ ಅಥವಾ ಡಿ.ಎಲ್.ಎಡ್ ಓದುವವರು ಒಮ್ಮೆಯಾದರೂ ಎದುರಿಸುವ ಪ್ರಶ್ನೆ ಇದು. ಹೆಚ್ಚಿನವರು ಬರೆಯುವ ರೀತಿಯೂ ಒಂದೇ. ಎರಡು ಪುಟ ಸ್ಕಿನ್ನರ್, ಎರಡು ಪುಟ ವೈಗೋಟ್‌ಸ್ಕಿ, ನಡುವೆ ಒಂದು ಕೋಷ್ಟಕ, ಕೊನೆಗೆ 'ಎರಡೂ ಒಂದಕ್ಕೊಂದು ಪೂರಕ' ಎಂಬ ಸಾಲು. ಸ್ಕಿನ್ನರ್‌ಗೆ ಕೊಟ್ಟ ಉದಾಹರಣೆ ಶಿಸ್ತಿನದು, ವೈಗೋಟ್‌ಸ್ಕಿಗೆ ಕೊಟ್ಟದ್ದು ಗುಂಪು ಚಟುವಟಿಕೆಯದು. ಬೇರೆ ಬೇರೆ ಘಟನೆಗಳನ್ನು ಪಕ್ಕಪಕ್ಕ ಇಟ್ಟರೆ ಅದು ಹೋಲಿಕೆಯಾಗುವುದಿಲ್ಲ, ಎರಡು ಟಿಪ್ಪಣಿಗಳಾಗುತ್ತವೆ.

ಇದಕ್ಕಿರುವ ದಾರಿ ಸರಳ. ತರಗತಿಯಲ್ಲಿ ನಡೆಯುವ ಒಂದೇ ಘಟನೆಯನ್ನು ತೆಗೆದುಕೊಂಡು ಎರಡೂ ಸಿದ್ಧಾಂತಗಳ ಮುಂದಿಡಿ. ಅವು ಎಲ್ಲಿ ಒಪ್ಪುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದು ಆಗ ತಾನಾಗಿ ಕಾಣುತ್ತದೆ. ಅಂಥ ಒಂದು ಘಟನೆಯನ್ನು ಇಲ್ಲಿ ಪೂರ್ತಿಯಾಗಿ ನೋಡೋಣ.

ಘಟನೆ: ಹತ್ತರಲ್ಲಿ ಆರು ಸರಿ

ಮೂರನೇ ತರಗತಿಯ ಹುಡುಗಿಯೊಬ್ಬಳಿದ್ದಾಳೆ, ಕಾವ್ಯ ಎಂದು ಕರೆಯೋಣ. ಟೀಚರ್ ಹತ್ತು ಕಳೆಯುವ ಲೆಕ್ಕ ಕೊಟ್ಟಿದ್ದಾರೆ, ಕಾವ್ಯಳಿಗೆ ಆರು ಸರಿ ಬಂದಿವೆ. ತಪ್ಪಾದ ನಾಲ್ಕು ಇವು:

52 − 17 = 45
81 − 36 = 55
64 − 28 = 44
70 − 24 = 54

ಇದು ಅಜಾಗರೂಕತೆಯಲ್ಲ. ನಾಲ್ಕರಲ್ಲೂ ಒಂದೇ ನಿಯಮವಿದೆ. ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲಾಗದು ಎಂದು ಕಂಡ ತಕ್ಷಣ ಅವಳು ತಿರುಗಿಸಿ 7ರಿಂದ 2 ಕಳೆದಿದ್ದಾಳೆ. ಮೇಲೆ ಕೆಳಗೆ ನೋಡದೆ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವುದು ಅವಳ ನಿಯಮ. ಪ್ರಾಥಮಿಕ ತರಗತಿಗೆ ಪಾಠ ಮಾಡಿದ ಯಾರಿಗೂ ಈ ತಪ್ಪು ಹೊಸದಲ್ಲ.

ಸ್ಕಿನ್ನರ್ ಏನು ನೋಡುತ್ತಾರೆ?

ಅಮೆರಿಕದ ಬಿ.ಎಫ್. ಸ್ಕಿನ್ನರ್ (1904–1990) ಪ್ರಕಾರ ಒಂದು ವರ್ತನೆಯ ನಂತರ ಸಿಗುವ ಫಲವೇ ಆ ವರ್ತನೆ ಉಳಿಯುತ್ತದೋ ಅಳಿಯುತ್ತದೋ ಎಂಬುದನ್ನು ತೀರ್ಮಾನಿಸುತ್ತದೆ. ಮನಸ್ಸಿನೊಳಗೆ ಏನೂ ನಡೆಯುವುದಿಲ್ಲ ಎಂದು ಅವರು ಹೇಳಲಿಲ್ಲ. ಅದನ್ನು ವರ್ತನೆಗೆ ಕಾರಣವೆಂದು ಒಪ್ಪಲಿಲ್ಲ ಅಷ್ಟೆ. ಹಾಗಾಗಿ ಅವರ ಮೊದಲ ಪ್ರಶ್ನೆ: ಈ ತಪ್ಪು ನಿಯಮಕ್ಕೆ ಪುನರ್ಬಲನ ಎಲ್ಲಿಂದ ಸಿಗುತ್ತಿದೆ?

ಉತ್ತರ ಆ ಹಾಳೆಯಲ್ಲೇ ಇದೆ. ಸರಿಯಾದ ಆರು ಲೆಕ್ಕಗಳು 68 − 23ರಂಥವು, ದಶಕ ತೆಗೆದುಕೊಳ್ಳಬೇಕಿಲ್ಲದವು. ಅಲ್ಲಿ ಮೇಲಿನ ಅಂಕಿಯೇ ದೊಡ್ಡದಾದ್ದರಿಂದ ಕಾವ್ಯಳ ತಪ್ಪು ನಿಯಮವೂ ಸರಿ ಉತ್ತರವನ್ನೇ ಕೊಡುತ್ತದೆ. ಅಂದರೆ ಟೀಚರ್ ಹಾಕಿದ ಆರು ಸರಿ ಗುರುತುಗಳೂ ತಪ್ಪು ನಿಯಮದ ಖಾತೆಗೇ ಜಮೆಯಾಗಿವೆ. ಆಗೊಮ್ಮೆ ಈಗೊಮ್ಮೆ ಮಾತ್ರ ಫಲ ಸಿಗುವ ವರ್ತನೆ, ಪ್ರತಿ ಸಲವೂ ಫಲ ಸಿಗುವ ವರ್ತನೆಗಿಂತ ಗಟ್ಟಿಯಾಗಿ ಉಳಿಯುತ್ತದೆ ಎಂಬುದು ಸ್ಕಿನ್ನರ್ ಅವರ ಪ್ರಯೋಗಗಳಲ್ಲಿ ಕಂಡ ಮುಖ್ಯ ಸಂಗತಿ. ಕಾವ್ಯಳ ತಪ್ಪು ವಾರಗಟ್ಟಲೆ ಏಕೆ ಹೋಗುತ್ತಿಲ್ಲ ಎಂಬುದಕ್ಕೆ ಇಲ್ಲಿ ಕಾರಣ ಸಿಗುತ್ತದೆ. ಅಸೈನ್‌ಮೆಂಟ್‌ನಲ್ಲಿ ಇಷ್ಟನ್ನು ವಿವರಿಸಿದರೆ ಸಾಕು, 'ಒಳ್ಳೆಯ ಕೆಲಸಕ್ಕೆ ಸ್ಟಾರ್ ಕೊಡುವುದು' ಎಂಬ ಸವಕಲು ಉದಾಹರಣೆ ಬೇಕಾಗುವುದಿಲ್ಲ.

ಪರಿಹಾರ ಹೀಗಿರುತ್ತದೆ. ಮೊದಲು ಕಳೆಯುವುದನ್ನೇ ಬಿಟ್ಟು, ಕೆಳಗಿನ ಬಿಡಿ ಅಂಕಿ ದೊಡ್ಡದಿದ್ದರೆ ಸುತ್ತ ವೃತ್ತ ಹಾಕು ಎಂದಷ್ಟೇ ಹೇಳುವುದು. ಅದು ತಪ್ಪಿಲ್ಲದೆ ಬಂದ ಮೇಲೆ ವೃತ್ತವಿರುವ ಕಡೆ ದಶಕ ತೆಗೆದುಕೊಂಡು ಬರೆಯುವ ಹೆಜ್ಜೆ, ನಂತರ ಕಳೆಯುವ ಹೆಜ್ಜೆ. ಪ್ರತಿ ಹೆಜ್ಜೆಯಲ್ಲೂ ಸರಿಯೋ ತಪ್ಪೋ ಎಂಬುದು ಆ ಕ್ಷಣವೇ ತಿಳಿಯಬೇಕು. ಕೊನೆಗೆ ವೃತ್ತ ಹಾಕುವುದನ್ನು ನಿಧಾನವಾಗಿ ಬಿಡಿಸಬೇಕು.

ಈ 'ಆ ಕ್ಷಣವೇ' ಎಂಬ ಮಾತಿಗೆ ಒಂದು ಹಿನ್ನೆಲೆಯಿದೆ. 1953ರಲ್ಲಿ ಸ್ಕಿನ್ನರ್ ತಮ್ಮ ಮಗಳ ನಾಲ್ಕನೇ ತರಗತಿಯ ಗಣಿತ ಪಾಠ ನೋಡಲು ಹೋಗಿದ್ದರು. ಕೆಲವು ಮಕ್ಕಳು ಬೇಗ ಮುಗಿಸಿ ಸುಮ್ಮನೆ ಕುಳಿತಿದ್ದರು, ಕೆಲವರು ಒದ್ದಾಡುತ್ತಿದ್ದರು. ಉತ್ತರ ಸರಿಯೇ ಎಂದು ತಿಳಿಯಲು ಎಲ್ಲರೂ ಕಾಯಲೇಬೇಕಿತ್ತು. ಇದನ್ನು ನೋಡಿ ಬಂದ ಅವರು ಬೋಧನಾ ಯಂತ್ರ ತಯಾರಿಸುವ ಕೆಲಸಕ್ಕೆ ಇಳಿದರು.

ವೈಗೋಟ್‌ಸ್ಕಿ ಏನು ಕೇಳುತ್ತಾರೆ?

ಲೆವ್ ವೈಗೋಟ್‌ಸ್ಕಿ (1896–1934) ಸೋವಿಯತ್ ಮನೋವಿಜ್ಞಾನಿ. ಕ್ಷಯದಿಂದ 37ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ದೃಷ್ಟಿಯಲ್ಲಿ ಮಗು ಒಂಟಿಯಾಗಿ ಮಾಡಿದ ಹತ್ತು ಲೆಕ್ಕ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಬಲ್ಲವರೊಬ್ಬರು ಪಕ್ಕದಲ್ಲಿದ್ದು ನೆರವಾದಾಗ ಅದೇ ಮಗು ಎಲ್ಲಿಯವರೆಗೆ ಹೋಗಬಲ್ಲದು ಎಂಬುದು ಉಳಿದರ್ಧ. ಈ ಎರಡರ ನಡುವಿನ ಅಂತರವೇ ಸಮೀಪದ ಬೆಳವಣಿಗೆಯ ವಲಯ, ಅಂದರೆ ಝಡ್‌ಪಿಡಿ.

ಅವರೇ ಕೊಟ್ಟ ಉದಾಹರಣೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಇಬ್ಬರೂ ಒಂಟಿಯಾಗಿ ಎಂಟು ವರ್ಷದವರ ಮಟ್ಟದ ಸಮಸ್ಯೆಗಳನ್ನು ಬಿಡಿಸುತ್ತಾರೆ. ನೆರವು ಸಿಕ್ಕಾಗ ಒಬ್ಬ ಹನ್ನೆರಡರ ಮಟ್ಟಕ್ಕೆ ಹೋಗುತ್ತಾನೆ, ಇನ್ನೊಬ್ಬ ಒಂಬತ್ತರಲ್ಲೇ ನಿಲ್ಲುತ್ತಾನೆ. ಅಂಕಪಟ್ಟಿಯಲ್ಲಿ ಸಮಾನರಾದ ಇವರು ನಿಜವಾಗಿ ಸಮಾನರೇ?

ಕಾವ್ಯಳ ಮುಂದೆ ಟೀಚರ್ ಕಡ್ಡಿಗಳನ್ನು ಇಡುತ್ತಾರೆ. ರಬ್ಬರ್ ಬ್ಯಾಂಡ್ ಹಾಕಿದ ಹತ್ತರ ಕಟ್ಟು ಐದು, ಬಿಡಿ ಕಡ್ಡಿ ಎರಡು.

"ಇದರಿಂದ ಹದಿನೇಳು ಕಡ್ಡಿ ನಂಗೆ ಕೊಡು ನೋಡೋಣ. ಮೊದಲು ಏಳು ಬಿಡಿ ಕೊಡು."

"ಎರಡೇ ಇದೆ ಟೀಚರ್."

"ಹೌದಲ್ವಾ. ಮತ್ತೆ ಎಲ್ಲಿಂದ ತರ್ತೀಯ?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಕಟ್ಟು ಬಿಚ್ಚಲಾ?"

ಕಟ್ಟು ಬಿಚ್ಚಿದರೆ ಬಿಡಿ ಹನ್ನೆರಡಾಗುತ್ತವೆ. ಏಳು ಕೊಟ್ಟರೆ ಐದು ಉಳಿಯುತ್ತವೆ. ಉಳಿದ ನಾಲ್ಕು ಕಟ್ಟಿನಲ್ಲಿ ಒಂದು ಕೊಟ್ಟರೆ ಮೂರು. ಉತ್ತರ 35. ಮುಂದಿನ ಲೆಕ್ಕಕ್ಕೆ ಕಡ್ಡಿಯ ಬದಲು ಚಿತ್ರ, ಅದರ ಮುಂದಿನದಕ್ಕೆ ಬರೀ ಪ್ರಶ್ನೆ, ಆಮೇಲೆ ಏನೂ ಇಲ್ಲ. ಹುಡುಗಿ "ಎರಡೇ ಇದೆ, ಕಟ್ಟು ಬಿಚ್ಚಬೇಕು" ಎಂದು ತನಗೆ ತಾನೇ ಗೊಣಗಿಕೊಂಡರೆ ತಡೆಯಬೇಡಿ. ಟೀಚರ್ ಜೊತೆ ಆಡಿದ ಮಾತು ಅವಳ ಸ್ವಂತ ಆಲೋಚನೆಯಾಗುತ್ತಿರುವ ಹಂತವಿದು ಎನ್ನುತ್ತಾರೆ ವೈಗೋಟ್‌ಸ್ಕಿ.

ಎರಡೂ ಒಂದೇ ಅಲ್ಲವೇ?

ಗಮನಿಸಿದಿರಾ? ಸ್ಕಿನ್ನರ್ ವೃತ್ತವನ್ನು ನಿಧಾನವಾಗಿ ತೆಗೆದರು, ವೈಗೋಟ್‌ಸ್ಕಿಯ ಟೀಚರ್ ಕಡ್ಡಿಯನ್ನು ನಿಧಾನವಾಗಿ ತೆಗೆದರು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ಹೋಲಿಕೆಯ ಅಸಲಿ ಜಾಗ ಇದೇ, ಹೆಚ್ಚಿನ ಅಸೈನ್‌ಮೆಂಟ್‌ಗಳು ದಾಟಿ ಹೋಗುವ ಜಾಗವೂ ಇದೇ.

ವ್ಯತ್ಯಾಸ ತಿಳಿಯಲು ಕಾವ್ಯಳಿಗೆ ಇನ್ನೂ ಕಲಿಸದ ಒಂದು ಲೆಕ್ಕ ಕೊಡಿ: 302 − 147. 'ಪಕ್ಕದ ಮನೆಯಿಂದ ಒಂದು ತಗೋ' ಎಂಬ ಹೆಜ್ಜೆಯನ್ನಷ್ಟೇ ಕಲಿತಿದ್ದರೆ ಪಕ್ಕದಲ್ಲಿ ಸೊನ್ನೆ ಕಂಡು ಅವಳು ನಿಂತುಬಿಡಬಹುದು. ಸ್ಕಿನ್ನರ್ ಇದನ್ನು ಸೋಲು ಎನ್ನುವುದಿಲ್ಲ. ಸೊನ್ನೆಯಿರುವ ಸಂದರ್ಭಕ್ಕೆ ಹೆಜ್ಜೆ ಕಲಿಸಿಲ್ಲ, ಅದನ್ನು ಸೇರಿಸಿ ಎನ್ನುತ್ತಾರೆ. ಇಲ್ಲಿ ಅಳತೆ ಎಂದರೆ ನೆರವಿಲ್ಲದೆ ಎಷ್ಟು ಸರಿ ಬಂತು ಎಂಬುದು. ವೈಗೋಟ್‌ಸ್ಕಿಯ ದಾರಿಯಲ್ಲಿ ಅಳತೆ ಬೇರೆ. ನೂರರ ದೊಡ್ಡ ಕಟ್ಟನ್ನು ಬಿಚ್ಚಿದರೆ ಹತ್ತರ ಹತ್ತು ಕಟ್ಟು ಸಿಗುತ್ತವೆ ಎಂಬುದನ್ನು ತಲುಪಲು ಅವಳಿಗೆ ಎಷ್ಟು ಸುಳಿವು ಬೇಕಾಯಿತು? ಒಂದೇ ಸುಳಿವಿಗೆ 155 ಬಂದರೆ ಅರ್ಥ ಕೂತಿದೆ. ಕಡ್ಡಿ ಇಟ್ಟರೂ ತಿಳಿಯದಿದ್ದರೆ ಈ ಲೆಕ್ಕ ಸದ್ಯಕ್ಕೆ ಅವಳ ವಲಯದ ಹೊರಗಿದೆ, ಸ್ಥಾನಬೆಲೆಗೆ ಹಿಂತಿರುಗಬೇಕು.

ಎರಡಕ್ಕೂ ಮಿತಿ ಇದೆ

ಸರಿ ಉತ್ತರವನ್ನು ಮಾತ್ರ ನೋಡಿದರೆ ಏನಾಗಬಹುದು ಎಂಬುದನ್ನು ಸ್ಟ್ಯಾನ್ಲಿ ಅರ್ಲ್‌ವ್ಯಾಂಗರ್ 1973ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಬೆನ್ನಿ ಎಂಬ ಹುಡುಗ ಸಣ್ಣ ಹೆಜ್ಜೆ, ಸ್ವಂತ ವೇಗ, ಪದೇ ಪದೇ ಪರೀಕ್ಷೆ ಇರುವ ಗಣಿತ ಕಾರ್ಯಕ್ರಮದಲ್ಲಿ ಚೆನ್ನಾಗಿ ಮುಂದುವರಿಯುತ್ತಿದ್ದ. ಕೂರಿಸಿ ಮಾತಾಡಿಸಿದಾಗ 0.3 + 0.4 ಎಂದರೆ 0.07 ಎಂದು ನಂಬಿದ್ದು ಗೊತ್ತಾಯಿತು. ಅಂಕಗಳು ಇದನ್ನು ಮುಚ್ಚಿಟ್ಟಿದ್ದವು.

ವೈಗೋಟ್‌ಸ್ಕಿಯ ಕಷ್ಟ ಬೇರೆ. ಕಾವ್ಯ ಜೊತೆ ಕಳೆದ ಎಂಟು ನಿಮಿಷ ತರಗತಿಯ ಉಳಿದ ನಲವತ್ತು ಮಕ್ಕಳು ಏನು ಮಾಡುತ್ತಿದ್ದರು? ಬಲ್ಲ ಸಹಪಾಠಿಯನ್ನು ಪಕ್ಕ ಕೂರಿಸಬಹುದು ನಿಜ. ಆದರೆ ಆ ಮಗು ಸುಳಿವು ಕೊಡುವ ಬದಲು ಉತ್ತರವನ್ನೇ ಹೇಳಿಬಿಡುವುದು ಸಾಮಾನ್ಯ. ಇಬ್ಬರ ಹಾಳೆಯೂ ಸರಿಯಾಗಿದ್ದು, ಮರುದಿನ ಒಬ್ಬಳೇ ಕುಳಿತಾಗ 52 − 17 ಮತ್ತೆ 45 ಆದರೆ ನಡೆದದ್ದು ಇದೇ ಎಂದು ತಿಳಿಯಿರಿ.

ಅಂಕ ಕಳೆಯುವ ಎರಡು ತಪ್ಪುಗಳು

ಮೊದಲನೆಯದು, ಋಣಾತ್ಮಕ ಪುನರ್ಬಲನ ಎಂದರೆ ಶಿಕ್ಷೆ ಎಂದು ಬರೆಯುವುದು. ಪುನರ್ಬಲನ ಯಾವುದಾದರೂ ವರ್ತನೆಯನ್ನು ಹೆಚ್ಚಿಸಲೇಬೇಕು. 'ತರಗತಿಯಲ್ಲೇ ಲೆಕ್ಕ ಮುಗಿಸಿದವರಿಗೆ ಹೋಮ್‌ವರ್ಕ್ ಇಲ್ಲ' ಎಂದಾಗ ಬೇಡವಾದದ್ದು ದೂರವಾಗಿ ಮುಗಿಸುವ ಅಭ್ಯಾಸ ಹೆಚ್ಚಿದರೆ ಅದು ಋಣಾತ್ಮಕ ಪುನರ್ಬಲನ. ಗಲಾಟೆ ನಿಲ್ಲಿಸಲೆಂದು ಆಟದ ಪೀರಿಯಡ್ ಕಿತ್ತುಕೊಳ್ಳುವುದು ಶಿಕ್ಷೆ.

ಎರಡನೆಯದು, 'ಸ್ಕ್ಯಾಫೋಲ್ಡಿಂಗ್' ಎಂಬ ಪದವನ್ನು ವೈಗೋಟ್‌ಸ್ಕಿಯ ಹೆಸರಿಗೆ ಬರೆಯುವುದು. ಕಟ್ಟಡಕ್ಕೆ ಕಟ್ಟಿ ಆಮೇಲೆ ಬಿಚ್ಚುವ ಸಾರುವೆಯ ಈ ಹೋಲಿಕೆಯನ್ನು ಬೋಧನೆಗೆ ತಂದದ್ದು 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್. ಆ ಹೊತ್ತಿಗೆ ವೈಗೋಟ್‌ಸ್ಕಿ ತೀರಿಕೊಂಡು 42 ವರ್ಷವಾಗಿತ್ತು.

ಕೊನೆಯ ಪ್ಯಾರಾ ಹೀಗಿರಲಿ

'ಎರಡೂ ಪೂರಕ' ಎನ್ನುವ ಬದಲು ಕಾವ್ಯಳಿಗೆ ಸೋಮವಾರ ಏನು ಮಾಡುತ್ತೀರಿ ಎಂದು ಬರೆಯಿರಿ. ಉದಾಹರಣೆಗೆ: ತಪ್ಪು ನಿಯಮಕ್ಕೆ ಕಾರಣ ಸ್ಥಾನಬೆಲೆ ಅರ್ಥವಾಗದಿರುವುದು, ಆದ್ದರಿಂದ ಮೊದಲ ಎರಡು ದಿನ ಕಡ್ಡಿ ಮತ್ತು ಮಾತು. ಅರ್ಥವಾದ ಮೇಲೆ ಅಭ್ಯಾಸಕ್ಕೆ ಸ್ಕಿನ್ನರ್. ಆದರೆ ಹಾಳೆಯಲ್ಲಿ ದಶಕ ತೆಗೆದುಕೊಳ್ಳಬೇಕಾದ ಲೆಕ್ಕಗಳೇ ಹೆಚ್ಚಿರಬೇಕು, ಹಳೆಯ ನಿಯಮಕ್ಕೆ ಪುಕ್ಕಟೆ ಸರಿ ಗುರುತು ಸಿಗಬಾರದು. ಶುಕ್ರವಾರ 302 − 147 ಕೊಟ್ಟು ಎಷ್ಟು ಸುಳಿವು ಬೇಕಾಯಿತು ಎಂದು ಎಣಿಸುವುದು.

ಯಾವ ಸಿದ್ಧಾಂತವನ್ನು ಯಾವಾಗ, ಏಕೆ ಆರಿಸಿದಿರಿ ಎಂಬುದು ಇಲ್ಲಿ ಕಾಣುತ್ತದೆ. ಮೌಲ್ಯಮಾಪಕರು ಹುಡುಕುವುದೂ ಅದನ್ನೇ. ಬಿ.ಎಡ್ ಮುಗಿಸಿ ನೀವು ನಿಜವಾದ ತರಗತಿಗೆ ಹೋದಾಗ, 45 ಎಂದು ಬರೆದ ಹಾಳೆ ಹಿಡಿದು ನಿಂತ ಮಗುವಿಗೆ ಬೇಕಾಗುವುದೂ ಅದೇ.