4.44 ಅಂದರೆ ನಾಲ್ಕು ಗಂಟೆ ನಲವತ್ನಾಲ್ಕು ನಿಮಿಷ ಅಲ್ಲ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಮೂವರು ಸವಳಂಗದ ಹತ್ತಿರ ಒಂದು ಮೆಕ್ಕೆಜೋಳದ ಗೋಡೌನ್‌ನಲ್ಲಿ ಕೆಲಸಕ್ಕೆ ಸೇರಿದ್ದೆವು. ಕೆಲಸ ಅಂದರೆ ದೊಡ್ಡದೇನಲ್ಲ. ಲಾರಿ ಬಂದಾಗ ಚೀಲ ಎಣಿಸೋದು, ತೂಕ ಬರೆದುಕೊಳ್ಳೋದು, ಚೀಟಿ ಹರಿದು ಕೊಡೋದು. ಗಂಟೆಗೆ 80 ರೂಪಾಯಿ. ಶಿವಮೊಗ್ಗದಿಂದ ಮಧ್ಯಾಹ್ನದ ಬಸ್ ಹಿಡಿದರೆ ಎರಡು ಗಂಟೆಗೆ ಸ್ವಲ್ಪ ಮೊದಲೇ ಗೋಡೌನ್ ಬಾಗಿಲಲ್ಲಿ ಇರುತ್ತಿದ್ದೆವು. ಲಾರಿ ಕಾಯ್ತಾ ಇರೋದರಿಂದ ಬಂದ ತಕ್ಷಣ ಕೆಲಸ ಶುರು.

ಬಂದ ಹೊತ್ತು, ಹೋದ ಹೊತ್ತು, ಒಟ್ಟು ಹೊತ್ತು, ಮೂರನ್ನೂ ಒಂದು ಉದ್ದನೆಯ ಪುಸ್ತಕದಲ್ಲಿ ಬರೆಯಬೇಕಿತ್ತು. ನಾವೇ ಬರೆಯುತ್ತಿದ್ದೆವು. ನಾಲ್ಕು ಗಂಟೆ ನಲವತ್ನಾಲ್ಕು ನಿಮಿಷ ಆಗಿದ್ದರೆ 4.44 ಅಂತ. ಇದರಲ್ಲಿ ತಪ್ಪೇನಿದೆ ಅಂತ ನಿಮಗೂ ಅನ್ನಿಸಬಹುದು, ನಮಗೂ ಅನ್ನಿಸಲಿಲ್ಲ. ಬಸ್ ಸ್ಟ್ಯಾಂಡಿನ ವೇಳಾಪಟ್ಟಿಯಲ್ಲೂ ಹಾಗೇ ತಾನೇ ಬರೆಯೋದು, 6.30, 7.15 ಅಂತ. ಆ ಚುಕ್ಕಿ ಗಂಟೆ ಮತ್ತು ನಿಮಿಷದ ಮಧ್ಯೆ ಇರೋ ಬರೀ ಗೋಡೆ. ಆದರೆ ಶನಿವಾರ ಸಂಜೆ ರೈಟರ್ ಅಣ್ಣ ಕ್ಯಾಲ್ಕುಲೇಟರ್ ತೆಗೆದು ಅದನ್ನೇ ಒತ್ತಿದಾಗ ಗೋಡೆ ಹೋಗಿ ಅದು ದಶಾಂಶ ಬಿಂದು ಆಯ್ತು. ಮೂರು ಸೆಮಿಸ್ಟರ್ ಮ್ಯಾಥ್ಸ್ ಪಾಸ್ ಮಾಡಿದ ನಾವು ಪಕ್ಕದಲ್ಲೇ ನಿಂತು ನೋಡ್ತಾ ಇದ್ದೆವು.

ಆ ವಾರ ನಮ್ಮಲ್ಲಿ ಒಬ್ಬನ ಲೆಕ್ಕ ಹೀಗಿತ್ತು. ಪುಸ್ತಕದಲ್ಲಿ ಇದ್ದ ಹಾಗೆ ಅಲ್ಲ, ನಡುವೆ ಎರಡು ಚುಕ್ಕಿ ಇಟ್ಟು ಬರೆಯುತ್ತೇವೆ:

```
ಸೋಮ   1:53 - 6:37   4:44
ಮಂಗಳ  1:54 - 7:05   5:11
ಬುಧ    1:53 - 6:22   4:29
ಗುರು   1:55 - 7:20   5:25
ಶುಕ್ರ   1:53 - 6:51   4:58
ಶನಿ    1:54 - 7:06   5:12
```

ಗಂಟೆಗಳನ್ನು ಬೇರೆ, ನಿಮಿಷಗಳನ್ನು ಬೇರೆ ಕೂಡಿ. ಗಂಟೆ 27, ನಿಮಿಷ 179. 179 ನಿಮಿಷ ಅಂದರೆ 2 ಗಂಟೆ 59 ನಿಮಿಷ, ಹಾಗಾಗಿ ಒಟ್ಟು 29 ಗಂಟೆ 59 ನಿಮಿಷ. ಈಗ 59ನ್ನು 60ರಿಂದ ಭಾಗಿಸಿದರೆ 0.98, ಅಂದರೆ 29.98 ಗಂಟೆ. ಭಾಗಾಕಾರವನ್ನು ಕೊನೆಗೆ ಒಂದೇ ಸಲ ಮಾಡಿ 80ರಿಂದ ಗುಣಿಸಿದರೆ ಸಂಬಳ 2398.67 ರೂಪಾಯಿ.

ರೈಟರ್ ಅಣ್ಣನ ಕ್ಯಾಲ್ಕುಲೇಟರ್ 4.44, 5.11, 4.29, 5.25, 4.58, 5.12 ಇಷ್ಟನ್ನೂ ಕೂಡಿ 28.79 ಅಂತು. 80ರಿಂದ ಗುಣಿಸಿದರೆ 2303.20. ತೊಂಬತ್ತೈದು ರೂಪಾಯಿ ಕಡಿಮೆ. ಸಿಟ್ಟು ಮಾಡ್ಕೊಳ್ಳೋಕೆ ಆಗಲ್ಲ, ಅವರು ಮೋಸ ಮಾಡಲಿಲ್ಲ. ಪುಸ್ತಕದಲ್ಲಿ ಏನಿತ್ತೋ ಅದನ್ನೇ ಒತ್ತಿದರು, ಬರೆದವರು ನಾವು.

ಈ ತಪ್ಪಿನಲ್ಲಿ ಒಂದು ವಿಚಿತ್ರ ಇದೆ. ಅದು ಯಾವತ್ತೂ ಕೆಲಸ ಮಾಡಿದವರ ಕಡೆಗೆ ವಾಲುವುದಿಲ್ಲ. 60ರಿಂದ ಭಾಗಿಸಬೇಕಾದ ನಿಮಿಷವನ್ನು ನಾವು ಗೊತ್ತಿಲ್ಲದೆ 100ರಿಂದ ಭಾಗಿಸುತ್ತಿದ್ದೇವೆ, ಹಾಗಾಗಿ ಉತ್ತರ ಯಾವಾಗಲೂ ಚಿಕ್ಕದು. ಎಷ್ಟು ಚಿಕ್ಕದು? m ನಿಮಿಷಕ್ಕೆ m/60 − m/100, ಅಂದರೆ m/150 ಗಂಟೆ. ನಮ್ಮ 179 ನಿಮಿಷಕ್ಕೆ 179/150 = 1.193 ಗಂಟೆ, ಅದಕ್ಕೆ 80ರಂತೆ 95.47 ರೂಪಾಯಿ. ಮೇಲಿನ ಎರಡು ಮೊತ್ತಗಳ ವ್ಯತ್ಯಾಸ ಸರಿಯಾಗಿ ಇಷ್ಟೇ. ಶುಕ್ರವಾರದಂತೆ 58 ನಿಮಿಷ ಇರೋ ದಿನ ಒಂದರಲ್ಲೇ 23 ನಿಮಿಷದ ಕೂಲಿ ಹೋಗುತ್ತೆ.

ಇದೇ ಗೊಂದಲ ತಿರುಗುಮುರುಗಾಗಿಯೂ ಆಗುತ್ತೆ. ನಮ್ಮ ಕಡೆ ತೋಟದ ಕೆಲಸಕ್ಕೆ ಜೆಸಿಬಿಯನ್ನು ಗಂಟೆ ಬಾಡಿಗೆಗೆ ಕರೆಸುತ್ತಾರೆ. ಅದರ ಅವರ್ ಮೀಟರ್‌ನಲ್ಲಿ ಕೊನೆಯ ಅಂಕಿ ಗಂಟೆಯ ಹತ್ತನೇ ಒಂದು ಭಾಗ, ಅಂದರೆ 6 ನಿಮಿಷ. ಶುರುವಿನ ರೀಡಿಂಗ್‌ಗಿಂತ ಕೊನೆಯದು 3.4 ಜಾಸ್ತಿ ಇದ್ದರೆ ಅದು 3 ಗಂಟೆ 24 ನಿಮಿಷ. ಅದನ್ನು ಮೂರು ಗಂಟೆ ನಲವತ್ತು ನಿಮಿಷ ಅಂತ ಓದಿದ ರೈತ 16 ನಿಮಿಷದ ಬಾಡಿಗೆ ಸುಮ್ಮನೆ ಕೊಟ್ಟ ಹಾಗೆ. ನಿಮ್ಮ ಕೈಗೆ ಒಂದು ಪುಸ್ತಕ ಸಿಕ್ಕಿ, ಅದರಲ್ಲಿರೋದು ನಿಮಿಷವೋ ದಶಾಂಶವೋ ಅಂತ ತಿಳಿಯದಿದ್ದರೆ ಚುಕ್ಕಿಯ ಬಲಗಡೆ ಕಣ್ಣಾಡಿಸಿ. ಎರಡು ಪುಟ ನೋಡಿದರೂ 59 ದಾಟಿದ ಅಂಕಿ ಒಂದೂ ಸಿಗದಿದ್ದರೆ ಅದು ಬಹುತೇಕ ನಿಮಿಷ. ಎಲ್ಲೋ ಒಂದು ಕಡೆ .75 ಅಥವಾ .83 ಕಂಡರೆ ದಶಾಂಶ.

ಲೆಕ್ಕ ತೋರಿಸಿದ ಮೇಲೆ ರೈಟರ್ ಅಣ್ಣ ಒಪ್ಪಿಕೊಂಡರು. ಆದರೆ, "ಈ ಅರವತ್ತರ ಭಾಗಾಕಾರ ವಾರ ವಾರ ಯಾರು ಮಾಡ್ತಾರ್ರಪ್ಪಾ? ಎಲ್ಲಾನೂ ಕಾಲು ಗಂಟೆಗೆ ಹೊಂದಿಸಿಬಿಡೋಣ" ಅಂದರು. ಮಾತು ಸರಿ ಅನ್ನಿಸ್ತು. ನಾವು ಬಾಯಲ್ಲಿ ಹೊತ್ತು ಹೇಳೋದೇ ಹಾಗೆ ಅಲ್ವಾ, ಐದೂ ಕಾಲು, ಐದೂವರೆ, ಐದೂ ಮುಕ್ಕಾಲು. ಕಾಲು ಅಂದರೆ .25, ಅರ್ಧ .50, ಮುಕ್ಕಾಲು .75, ಭಾಗಾಕಾರವೇ ಬೇಡ. ನಿಯಮ ಕೂಡ ಸುಲಭ. ಕಾಲು ಗಂಟೆ ದಾಟಿ 7 ನಿಮಿಷದವರೆಗೆ ಇದ್ದರೆ ಹಿಂದಕ್ಕೆ, 8 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮುಂದಕ್ಕೆ. 1ರಿಂದ 7ರವರೆಗೆ ಕಳೆದುಕೊಳ್ಳೋದು ಒಟ್ಟು 28 ನಿಮಿಷ, 8ರಿಂದ 14ರವರೆಗೆ ಸಿಗೋದೂ 28 ನಿಮಿಷ. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ನಿಯಮ ಇಲ್ಲ.

ಆದರೆ ಹೊಂದಿಸೋದು ಯಾವುದನ್ನು? ಇಲ್ಲಿ ನಾವು ಒಂದು ಸಂಜೆ ಪೂರ್ತಿ ಕೂತೆವು.

ಮೊದಲು ದಿನದ ಒಟ್ಟು ಹೊತ್ತನ್ನು ಹೊಂದಿಸಿದೆವು. 4:44 ಹೋಗಿ 4.75 ಆಯ್ತು, 5:11 ಹೋಗಿ 5.25, ಹೀಗೇ 4.50, 5.50, 5.00, 5.25. ಕೂಡಿದರೆ 30.25 ಗಂಟೆ, 2420 ರೂಪಾಯಿ. ಆ ವಾರ ಆರೂ ದಿನ ಮುಂದಕ್ಕೇ ಹೋಗಿದ್ದರಿಂದ ನಮಗೆ 16 ನಿಮಿಷ ಲಾಭ.

ಆಮೇಲೆ ಬಂದ ಹೊತ್ತು, ಹೋದ ಹೊತ್ತನ್ನೇ ಬೇರೆ ಬೇರೆ ಹೊಂದಿಸಿದೆವು. ನಿಯಮ ಅದೇ, ಪುಸ್ತಕ ಅದೇ. 1:53, 1:54, 1:55 ಎಲ್ಲವೂ 2:00 ಆದವು. ಹೋದ ಹೊತ್ತಲ್ಲಿ 6:37 ಹಿಂದಕ್ಕೆ ಹೋಗಿ 6:30, 7:05 ಹೋಗಿ 7:00, 6:22 ಹೋಗಿ 6:15, 7:20 ಹೋಗಿ 7:15, 6:51 ಹೋಗಿ 6:45, 7:06 ಹೋಗಿ 7:00. ಈಗ ಒಟ್ಟು 28.75 ಗಂಟೆ, 2300 ರೂಪಾಯಿ. ಚುಕ್ಕಿ ತಪ್ಪಿದಾಗ ಬಂದಿದ್ದಕ್ಕಿಂತಲೂ ಮೂರು ರೂಪಾಯಿ ಕಡಿಮೆ! ಎರಡೂ "ಹತ್ತಿರದ ಕಾಲು ಗಂಟೆ"ಯೇ, ಆದರೂ ಮಧ್ಯೆ ಒಂದೂವರೆ ಗಂಟೆಯ ಕೂಲಿ, 120 ರೂಪಾಯಿ.

ಎರಡನೇ ಸಲ ಯಾಕೆ ಹೀಗಾಯ್ತು ಅಂದರೆ, ಆ 28ಕ್ಕೆ 28 ಅನ್ನೋ ಸಮತೋಲ ನಿಲ್ಲೋದು ನಾವು ಬರೋ ಹೊತ್ತು ಹದಿನೈದು ನಿಮಿಷದಲ್ಲಿ ಎಲ್ಲೆಂದರಲ್ಲಿ ಸಮವಾಗಿ ಹರಡಿದ್ದರೆ ಮಾತ್ರ. ನಮ್ಮ ಹೊತ್ತು ರ‍್ಯಾಂಡಮ್ ಅಲ್ಲ, ಬಸ್ಸಿಗೆ ಕಟ್ಟಿಕೊಂಡಿದ್ದು. ದಿನಾ 1:53 ಆಸುಪಾಸಿನಲ್ಲೇ ಇಳಿಯುತ್ತೇವೆ, ದಿನಾ ಐದರಿಂದ ಏಳು ನಿಮಿಷ ಹೋಗುತ್ತೆ. ತಿಂಗಳು ಕಳೆದರೂ ಅದು ಸರಿದೂಗಲ್ಲ. ಬಸ್ 1:52ಕ್ಕೆ ಬಿಟ್ಟಿದ್ದರೆ 1:45 ಆಗಿ ದಿನಾ ಏಳು ನಿಮಿಷ ನಮಗೇ ಸಿಗುತ್ತಿತ್ತು. ಒಂದು ನಿಮಿಷದ ಆಚೆ ಈಚೆ ಲಾಭವೇ ನಷ್ಟ ಆಗಿಬಿಡುತ್ತೆ.

ಇದು ನಮ್ಮ ಗೋಡೌನ್ ಕಥೆ ಅಷ್ಟೇ ಅಲ್ಲ. ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೋದ ಸೀನಿಯರ್‌ಗಳು ಕ್ಯಾಂಪಸ್ ಕೆಲಸದಲ್ಲಿ ಗಂಟೆ ಲೆಕ್ಕದ ಟೈಮ್‌ಶೀಟ್ ತುಂಬುತ್ತಾರೆ. ಅಲ್ಲಿನ ಕೇಂದ್ರ ಕಾರ್ಮಿಕ ನಿಯಮ, 29 CFR 785.48, ಬಂದು ಹೋಗುವ ಹೊತ್ತನ್ನು 5 ನಿಮಿಷಕ್ಕೆ, ಗಂಟೆಯ ಹತ್ತನೇ ಒಂದಕ್ಕೆ ಅಥವಾ ಕಾಲು ಗಂಟೆಗೆ ಹೊಂದಿಸೋದನ್ನು ಒಪ್ಪುತ್ತೆ. ಷರತ್ತು ಒಂದೇ: ಕಾಲಕ್ರಮದಲ್ಲಿ ಸರಾಸರಿ ಸರಿಹೋಗಿ, ಮಾಡಿದ ಕೆಲಸಕ್ಕೆಲ್ಲ ದುಡ್ಡು ಸಿಗಬೇಕು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 2021ರಲ್ಲಿ ಡೊನೊಹ್ಯೂ ಕೇಸಿನಲ್ಲಿ ಊಟದ ಬಿಡುವನ್ನು ಹೀಗೆ ಹೊಂದಿಸೋದೇ ಬೇಡ ಅಂತು. ಆ ತೀರ್ಪಿನ ಉದಾಹರಣೆ ನಮ್ಮ ಪುಸ್ತಕದ್ದೇ ಅನ್ನಿಸುತ್ತೆ. ಹತ್ತು ನಿಮಿಷಕ್ಕೆ ಹೊಂದಿಸುವ ಸಾಫ್ಟ್‌ವೇರ್‌ನಲ್ಲಿ 11:02ಕ್ಕೆ ಊಟಕ್ಕೆ ಎದ್ದು 11:25ಕ್ಕೆ ವಾಪಸ್ ಬಂದರೆ ಅದು 11:00ರಿಂದ 11:30 ಆಗುತ್ತೆ. ಸಿಕ್ಕಿದ್ದು 23 ನಿಮಿಷ, ದಾಖಲೆಯಲ್ಲಿ 30.

ನಮ್ಮ ಪ್ರಕಾರ ಫೋನಿನಲ್ಲೇ ಕ್ಯಾಲ್ಕುಲೇಟರ್ ಇರುವಾಗ ಹೊಂದಿಸೋ ಅಗತ್ಯವೇ ಇಲ್ಲ. ಹೊಂದಿಸಲೇಬೇಕು ಅಂದರೆ ವಾರದ ಮೊತ್ತವನ್ನು ಕೊನೆಗೆ ಒಂದೇ ಸಲ. 29:59 ಹೋಗಿ 30 ಗಂಟೆ, 2400 ರೂಪಾಯಿ. ಆಗ ವಾರಕ್ಕೆ ಹೆಚ್ಚೆಂದರೆ 7 ನಿಮಿಷ ಆಚೆ ಈಚೆ, 80 ರೂಪಾಯಿ ದರದಲ್ಲಿ ಒಂಬತ್ತು ರೂಪಾಯಿ ಚಿಲ್ಲರೆ. ರೈಟರ್ ಅಣ್ಣ ಇದಕ್ಕೆ ಒಪ್ಪಿದರು.

ಅವರ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಮಾಡಿಕೊಡಲು ಹೋಗಿ ಮತ್ತೆರಡು ಕಡೆ ಎಡವಿದೆವು. ಎಕ್ಸೆಲ್ ಹೊತ್ತನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತೆ, ಮಧ್ಯಾಹ್ನ ಹನ್ನೆರಡು ಅಂದರೆ ಅದಕ್ಕೆ 0.5. ಹಾಗಾಗಿ 4:44 ಅಂತ ಕಾಣೋ ಸೆಲ್‌ನ್ನು 80ರಿಂದ ಗುಣಿಸಿದರೆ 15.78 ರೂಪಾಯಿ ಬರುತ್ತೆ! 24ರಿಂದ ಗುಣಿಸಿ ಗಂಟೆ ಮಾಡಿಕೊಳ್ಳಬೇಕು. ಇನ್ನೊಂದು, ಆರು ದಿನದ ಮೊತ್ತ 5:59 ಅಂತ ತೋರಿಸ್ತು. 24 ಗಂಟೆ ದಾಟಿದ ಕೂಡಲೇ ಗಡಿಯಾರದ ಹಾಗೆ ಮತ್ತೆ ಸೊನ್ನೆಯಿಂದ ಶುರು. ಆ ಸೆಲ್‌ನ ಫಾರ್ಮ್ಯಾಟ್ `[h]:mm` ಅಂತ ಕೊಟ್ಟ ಮೇಲೆ 29:59 ಕಂಡಿತು. ಹೊತ್ತನ್ನು 13:53, 18:37 ಅಂತ ತುಂಬಿದರೆ, D ಕಾಲಮ್‌ನಲ್ಲಿ ನಿಮಿಷ, ಕೆಳಗೆ ಗಂಟೆ, ಕೊನೆಗೆ ಹತ್ತಿರದ ಕಾಲು ಗಂಟೆ:

```
D2:  =ROUND((C2-B2)*1440,0)
D8:  =SUM(D2:D7)/60
D9:  =MROUND(D8,0.25)
```

1440 ಅಂದರೆ ದಿನದ ನಿಮಿಷಗಳು. ಅಲ್ಲಿ `ROUND` ಹಾಕಿರೋದು ಶೋಕಿಗಲ್ಲ. ಎರಡು ಹೊತ್ತು ಕಳೆದಾಗ ಒಳಗಡೆ ಉತ್ತರ ಪೂರ್ತಿ 285 ನಿಮಿಷದ ಬದಲು 284.9999 ಅನ್ನೋ ಥರ ಉಳಿಯಬಹುದು. ಯಾರಾದರೂ ಕೆಳಗೆ `FLOOR` ಹಾಕಿ ಬರೀ ಹಿಂದಕ್ಕೆ ಕತ್ತರಿಸಿದರೆ ಆಗ ಒಂದು ಇಡೀ ಕಾಲು ಗಂಟೆ ಮಾಯ.

ನಮ್ಮ ತೊಂಬತ್ತೈದು ರೂಪಾಯಿ ಅವತ್ತೇ ಬಂತು. ಆದರೆ ಅದೇ ಪುಸ್ತಕದಲ್ಲಿ ಚೀಲ ಹೊಲಿಯೋ ಅಕ್ಕಂದಿರ ಹೊತ್ತೂ ಇತ್ತು, ಅವರದೂ ಗಂಟೆಗೆ 80, ಅವರದೂ ಅದೇ ಚುಕ್ಕಿ. ನಮ್ಮದು ಒಂದು ರಜೆ, ಅವರದು ವರ್ಷ ಪೂರ್ತಿ. ಹಿಂದಿನ ತಿಂಗಳಿನ ಲೆಕ್ಕವನ್ನೆಲ್ಲ ಮತ್ತೆ ಮಾಡೋದು ಹೇಗೆ ಅಂತ ರೈಟರ್ ಅಣ್ಣ ತಲೆ ಕೆರೆದುಕೊಂಡಾಗ m/150 ಕೆಲಸಕ್ಕೆ ಬಂತು. ಗಂಟೆಯ ಕಡೆ ನೋಡೋದೇ ಬೇಡ, ಚುಕ್ಕಿಯ ಬಲಗಡೆ ಇರೋ ನಿಮಿಷಗಳನ್ನು ಮಾತ್ರ ಕೂಡಿದರೆ ಸಾಕು. ಒಬ್ಬ ಅಕ್ಕನ ಇಪ್ಪತ್ತಾರು ದಿನದ ನಿಮಿಷ 741 ಬಂತು. 150ರಿಂದ ಭಾಗಿಸಿದರೆ 4.94 ಗಂಟೆ, 395 ರೂಪಾಯಿ 20 ಪೈಸೆ. "ಅಂದ್ರೆ ನಾನು ಐದು ಗಂಟೆ ಸುಮ್ನೆ ಹೊಲಿದ್ನೇನೋ ತಮ್ಮಾ?" ಅಂತ ಕೇಳಿದರು. ಐದಕ್ಕೆ ನಾಲ್ಕು ನಿಮಿಷ ಕಡಿಮೆ ಅಕ್ಕಾ, ಅಂದೆವು. ರೈಟರ್ ಅಣ್ಣ 395 ಬರೆದುಕೊಂಡು ಹಿಂದಿನ ಪುಟ ತಿರುಗಿಸಿದರು.