ಮೊಲ ಸಾಕಣೆಯಲ್ಲಿ ಹುಸಿಬಸಿರು: ಹುಣಸೂರು ಸೀಮೆಯನ್ನು ಕುರಿತು ಒಂದು ವಿವರಣೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಮೊಲ ಎಂದೊಡನೆ ಜನರ ಮನಸ್ಸಿಗೆ ಬರುವುದು ಹೊಲದ ಬದುವಿನಲ್ಲಿ ಓಡುವ ಕಾಡುಮೊಲ. ಅದನ್ನು ಹಿಡಿಯುವುದಾಗಲಿ ಸಾಕುವುದಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವಾದುದು. ಸಾಕುವ ಮೊಲವು ಯೂರೋಪಿನ ಬಿಲಮೊಲದ ಸಂತತಿ, ಜಾತಿಯೇ ಬೇರೆ. ಕಾಡುಮೊಲದ ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲು ಹೊತ್ತು, ಕಣ್ದೆರೆದು ಬರುತ್ತವೆ. ಸಾಕುಮೊಲದ ಮರಿಗಳಾದರೋ ಬೆತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವೆ. ಆದುದರಿಂದಲೇ ತಾಯಿಯು ತನ್ನ ಎದೆಯ ತುಪ್ಪಳವನ್ನು ಕಿತ್ತು ಗೂಡಿಗೆ ಹಾಸುತ್ತದೆ. ಈ ತುಪ್ಪಳ ಕೀಳುವ ದಿನವನ್ನು ಸಾಕುವವರು ಲೆಕ್ಕವಿಟ್ಟರೆ ಎಷ್ಟೋ ಸಂಗತಿಗಳು ತಿಳಿಯುತ್ತವೆ.

ಹಸು ಎಮ್ಮೆಗಳಂತೆ ಮೊಲಕ್ಕೆ ಗೊತ್ತಾದ ಬೆದೆಯ ಆವರ್ತವಿಲ್ಲ. ಗಂಡಿನೊಡನೆ ಕೂಡಿದ ಸುಮಾರು 10–12 ಗಂಟೆಗಳ ಬಳಿಕವೇ ಅಂಡಗಳು ಬಿಡುಗಡೆಯಾಗುವುವು. ಕೂಡಿಸುವಾಗ ಹೆಣ್ಣನ್ನೇ ಗಂಡಿನ ಪಂಜರಕ್ಕೆ ಒಯ್ಯತಕ್ಕದ್ದು. ಗಂಡನ್ನು ಹೆಣ್ಣಿನ ಪಂಜರಕ್ಕೆ ಬಿಟ್ಟರೆ ಹೆಣ್ಣು ತನ್ನ ನೆಲೆಯನ್ನು ಕಾಯುವ ಹಟದಿಂದ ಕಚ್ಚಾಡುವುದುಂಟು. ಗಂಡು ಒಂದು ಪಕ್ಕಕ್ಕೆ ಉರುಳಿ ಬಿದ್ದರೆ ಕೂಡಿಕೆ ಆಯಿತೆಂದು ತಿಳಿಯಬೇಕು. ಆದರೆ ಕೂಡಿಕೆಯಾದ ಮಾತ್ರಕ್ಕೆ ಗಬ್ಬ ನಿಂತಿತೆಂದು ಹೇಳಲಾಗದು. ಗಂಡಿನ ವೀರ್ಯವು ನಿಸ್ಸಾರವಾಗಿದ್ದರೂ ಅಂಡ ಬಿಡುಗಡೆಯಾಗಿಯೇ ಆಗುತ್ತದೆ. ಆಗ ಹೆಣ್ಣಿನ ದೇಹವು ತಾನು ಬಸಿರೆಂದು ಭ್ರಮಿಸುತ್ತದೆ. ಇದೇ ಹುಸಿಬಸಿರು.

ಒಂದು ಹೆಣ್ಣನ್ನು ಸೆಪ್ಟೆಂಬರ್ 1ರಂದು ಕೂಡಿಸಿದೆವೆನ್ನೋಣ. 14ರ ಸುಮಾರಿಗೆ ಅದರ ಹೊಟ್ಟೆಯ ಕೆಳಭಾಗವನ್ನು ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಮೆಲ್ಲಗೆ ಸವರಿ ನೋಡಬೇಕು. ಗೋಲಿಯಷ್ಟು ದಪ್ಪನಾದ, ಮೆತ್ತಗೆ ಜಾರುವ ಗಂಟುಗಳು ಸಾಲಾಗಿ ಸಿಕ್ಕರೆ ಅದು ಗಬ್ಬ. ಹಿಕ್ಕೆಯ ಉಂಡೆಗಳು ಇದಕ್ಕಿಂತ ಚಿಕ್ಕವು, ಗಡುಸಾದುವು, ಬೆನ್ನೆಲುಬಿಗೆ ಹತ್ತಿರವಾಗಿರುವುವು. ಹೊಸಬರು ಇವೆರಡನ್ನೂ ಒಂದೆಂದು ಎಣಿಸಿ ಮೋಸಹೋಗುತ್ತಾರೆ. ನಿಜವಾದ ಗಬ್ಬವಾದರೆ ಅಕ್ಟೋಬರ್ 2ರ ಆಸುಪಾಸಿನಲ್ಲಿ, ಎಂದರೆ 31 ದಿನಗಳಿಗೆ, ಮೊಲ ಈಯುತ್ತದೆ. ತುಪ್ಪಳ ಕೀಳುವುದು ಅದಕ್ಕೆ ಒಂದೆರಡು ದಿನ ಮೊದಲು. ಅದರ ಬದಲು ಸೆಪ್ಟೆಂಬರ್ 17 ಅಥವಾ 18ರಂದೇ ತುಪ್ಪಳ ಕಿತ್ತು, ಬಾಯಲ್ಲಿ ಹುಲ್ಲು ಕಚ್ಚಿ ತಿರುಗಾಡಿದರೆ ಅದು ಹುಸಿಬಸಿರೆಂದೇ ಬಗೆಯಬೇಕು. ಇದು ಮುಗಿದೊಡನೆ ಹೆಣ್ಣನ್ನು ಮತ್ತೆ ಕೂಡಿಸಬಹುದು. ಅನೇಕರು ಇಂಥ ಹೆಣ್ಣನ್ನು ಬಂಜೆಯೆಂದು ಮಾರಿಬಿಡುತ್ತಾರೆ. ತಪ್ಪು ಬಹುಮಟ್ಟಿಗೆ ಗಂಡಿನದು, ಅದಕ್ಕೂ ಹೆಚ್ಚಾಗಿ ಗಂಡನ್ನಿಟ್ಟ ಜಾಗದ್ದು.

ಉಷ್ಣವು ಸುಮಾರು 30 ಡಿಗ್ರಿ ಸೆಂಟಿಗ್ರೇಡ್ ಮೀರಿ ದಿನಗಟ್ಟಲೆ ನಿಂತರೆ ಗಂಡುಮೊಲದ ವೀರ್ಯ ಕೆಡುತ್ತದೆ. ಹೊಸ ವೀರ್ಯ ತಯಾರಾಗಲು ಆರೇಳು ವಾರಗಳು ಬೇಕಾಗುವುದರಿಂದ, ಏಪ್ರಿಲ್-ಮೇ ತಿಂಗಳ ಸೆಕೆಯ ಫಲವು ಜೂನ್ ತಿಂಗಳ ತಂಪಿನಲ್ಲಿಯೂ ಕಾಣಿಸಿಕೊಳ್ಳಬಲ್ಲುದು. ಹುಣಸೂರು-ಪಿರಿಯಾಪಟ್ಟಣಗಳಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ನಿನ ಗೋಡೆಗೆ ಆನಿಸಿ ಪಂಜರವನ್ನಿಟ್ಟರೆ ಮಳೆಗಾಲದಲ್ಲಿಯೂ ಗಂಡಿಗೆ ಬೇಸಗೆಯೇ. ಪಂಜರವನ್ನು ಅಲ್ಲಿಂದ ದೂರ, ಹೊಂಗೆಯಂತಹ ಮರದ ನೆರಳಿನಲ್ಲಿ, ಹುಲ್ಲು ಹೊದಿಸಿದ ಮಾಡಿನ ಕೆಳಗಿಡುವುದು ಲೇಸು.

ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ತೊಡಕು ಬೇರೆ: ಅಲ್ಲಿ ತೇವ ಹೆಚ್ಚು. ಮೂತ್ರದ ಘಾಟು ಮೂಗಿಗೆ ಹೊಡೆಯುವಂತಿದ್ದರೆ ಮೊಲಕ್ಕೆ ನೆಗಡಿ ತಪ್ಪದು. ಪಂಜರದ ತಳವು ನೆಲದಿಂದ ಎರಡೂವರೆ ಅಡಿ ಮೇಲಿರಲಿ. ಹಿಕ್ಕೆ ಉದುರಿಹೋಗುವಂತೆ ಅರ್ಧ ಅಂಗುಲ ಕಣ್ಣಿನ ತಂತಿಬಲೆಯಿರಲಿ. ಹೆಣ್ಣಿಗೆ ಮೂರಡಿ ಉದ್ದ, ಎರಡಡಿ ಅಗಲದ ಜಾಗ ಸಾಕು.

ಮೇವಿಗೆ ಕುದುರೆಮೆಂತೆ, ಅಲಸಂದೆ ಬಳ್ಳಿ, ಹಿಪ್ಪುನೇರಳೆ ಸೊಪ್ಪು ಒಳ್ಳೆಯವು. ಮಂಜಿನ ಹಸಿಸೊಪ್ಪನ್ನು ನೇರವಾಗಿ ಹಾಕದೆ ನೆರಳಿನಲ್ಲಿ ಬಾಡಿಸಿ ಕೊಡತಕ್ಕದ್ದು, ಇಲ್ಲವಾದರೆ ಹೊಟ್ಟೆಯುಬ್ಬರವಾಗುತ್ತದೆ. ಮೊಲವು ಹೆಚ್ಚಾಗಿ ಮೇಯುವುದು ಇರುಳಿನಲ್ಲಿ, ಆದಕಾರಣ ದೊಡ್ಡ ಪಾಲನ್ನು ಸಂಜೆಗೆ ಹಾಕಬೇಕು.

ಸೆಪ್ಟೆಂಬರ್ 28ರಂದು ಗಬ್ಬದ ಹೆಣ್ಣಿನ ಪಂಜರದೊಳಗೆ ಒಣಹುಲ್ಲು ಹಾಸಿದ ಪೆಟ್ಟಿಗೆಯನ್ನು ಇಡಬೇಕು. ಅದು ಇಲ್ಲದಿದ್ದರೆ ಮರಿಗಳು ತಂತಿಯ ಮೇಲೆಯೇ ಬಿದ್ದು ಚಳಿಗೆ ಸಾಯುವುವು. ಈದ ಮೇಲೆ ತಾಯಿ ಮರಿಗಳತ್ತ ಸುಳಿಯದಿರುವುದನ್ನು ಕಂಡು ಗಾಬರಿಗೊಳ್ಳುವವರುಂಟು. ಮೊಲವು ದಿನಕ್ಕೆ ಸಾಧಾರಣವಾಗಿ ಒಂದೇ ಸಲ, ಕೆಲವೇ ನಿಮಿಷ ಹಾಲೂಡಿಸುತ್ತದೆ. ಬೆಳಿಗ್ಗೆ ಮರಿಯ ಹೊಟ್ಟೆ ದುಂಡಗಿದ್ದರೆ ಚಿಂತೆಯಿಲ್ಲ; ಚರ್ಮ ಸುಕ್ಕುಗಟ್ಟಿದ್ದರೆ ಹಾಲಿಲ್ಲವೆಂದು ಅರ್ಥ. ಆಗ ಆ ಮರಿಗಳನ್ನು ಅದೇ ಒಂದೆರಡು ದಿನಗಳಲ್ಲಿ ಈದ, ಕಡಿಮೆ ಮರಿಗಳಿರುವ ಇನ್ನೊಂದು ತಾಯಿಯ ಗೂಡಿಗೆ ಸೇರಿಸಬಹುದು. ಈ ಕಾರಣಕ್ಕಾಗಿಯೇ ಎರಡು ಹೆಣ್ಣುಗಳನ್ನು ಒಂದೇ ದಿನ ಕೂಡಿಸುವುದನ್ನು ನಾವು ಹೇಳುತ್ತೇವೆ. ನವೆಂಬರ್ 6ಕ್ಕೆ, ಎಂದರೆ ಐದು ವಾರಗಳಿಗೆ, ಮರಿಗಳನ್ನು ಅಗಲಿಸಿ, ತಾಯಿಯ ಮೈ ತುಂಬಿದ್ದರೆ ಮರುವಾರ ಮತ್ತೆ ಗಂಡಿನ ಪಂಜರಕ್ಕೆ ಒಯ್ಯಬಹುದು. ಸೆಕೆಯ ತಿಂಗಳುಗಳನ್ನು ಬಿಟ್ಟು ಎಣಿಸಿದರೆ ವರ್ಷಕ್ಕೆ ನಾಲ್ಕು ಸೂಲು ಸಿಕ್ಕುತ್ತವೆ.